ಕೈಕೆಳಗೆ ಎಂಬ ಮಾತು

ಸಿಟ್ಟು ಒಳ್ಳೆಯದಲ್ಲ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥವರು ನಮ್ಮ ಇಂದ್ರಮ್ಮನನ್ನು ಒಮ್ಮೆ ನೋಡಬೇಕು. ಮದ್ದೂರಿನ ಹೊರಗಿರುವ ನಮ್ಮ ಖಾಸಗಿ ಡೇರಿಯಲ್ಲಿ ಸಿಬ್ಬಂದಿ ವಿಭಾಗ ಎಂದರೆ ಅವರೊಬ್ಬರೇ. ನೇಮಕ, ರಜೆ, ಪಿ.ಎಫ್., ಜಗಳ, ಎಲ್ಲವೂ ಅವರ ಮೇಜಿಗೇ ಬರಬೇಕು. ಲೆಕ್ಕ ಬರೆಯುವ ನಾನು ಅವರ ಎದುರು ಕೂರುತ್ತೇನೆ. ಇಬ್ಬರೂ ಮಂಡ್ಯದಿಂದ ಒಂದೇ ಬಸ್ಸಿನಲ್ಲಿ ಬರುತ್ತೇವೆ. ಒಬ್ಬ ಅಜ್ಜಿಯನ್ನು ಕಂಡಕ್ಟರ್ ‘ಏಯ್’ ಎಂದು ಗದರಿದ್ದಕ್ಕೆ ಮಂಡ್ಯ ಬಿಟ್ಟಾಗಿನಿಂದ ಮದ್ದೂರು ಮುಟ್ಟುವ ತನಕ ಇಂದ್ರಮ್ಮ ಅವನಿಗೆ ಮಂಗಳಾರತಿ ಎತ್ತಿದ್ದನ್ನು ನಾನೇ ಕೇಳಿದ್ದೇನೆ.

ಕಳೆದ ಬೇಸಿಗೆಯಲ್ಲಿ ನಮ್ಮ ಉತ್ಪಾದನಾ ಮ್ಯಾನೇಜರ್ ನಿವೃತ್ತರಾದರು. ಆ ಜಾಗಕ್ಕೆ ಒಳಗಿನವರೇ ಇಬ್ಬರು ಸಂದರ್ಶನ ಕೊಟ್ಟರು. ಒಬ್ಬ ಪ್ಯಾಕಿಂಗ್ ಸೂಪರ್‌ವೈಸರ್ ಯತೀಶ್. ಇನ್ನೊಬ್ಬಳು ಲ್ಯಾಬ್ ನೋಡಿಕೊಳ್ಳುವ ಶಾಲಿನಿ, ಮಳವಳ್ಳಿ ತಾಲ್ಲೂಕಿನ ಬಂಡೂರು ಕಡೆಯವಳು. ಹಾಲು ಒಳಗೆ ಬರಬೇಕೋ ಬೇಡವೋ ಎಂದು ಹೇಳುವುದು ಅವಳ ಕೆಲಸ. ಯತೀಶನಿಗೆ ಕೆಲಸ ಸಿಕ್ಕಿತು. ಅದು ತಪ್ಪೂ ಅಲ್ಲ. ಶೀತಲ ಯಂತ್ರ ಕೆಟ್ಟು ನಿಂತ ವಾರ ಇಡೀ ಪಾಳಿಗಳನ್ನು ಅದಲುಬದಲು ಮಾಡಿ ಒಂದು ಲೋಡೂ ಕೆಡದಂತೆ ನೋಡಿಕೊಂಡವನು ಅವನೇ. ಯಂತ್ರಗಳ ನಡುವೆ ಬೆಳೆದವನು. ಶಾಲಿನಿ ಇನ್ನೂ ಪಾಳಿ ನಡೆಸಿರಲಿಲ್ಲ. ಆಯ್ಕೆಗೆ ಕೂತಿದ್ದ ಇಂದ್ರಮ್ಮನೂ ಇದನ್ನು ಒಪ್ಪಿದ್ದರು.

ಬೆಂಕಿ ಹತ್ತಿದ್ದು ಒಂದು ಇ-ಮೇಲ್‌ನಿಂದ. ಮಾಲೀಕರ ಮಗ, ಬೆಂಗಳೂರಿನಲ್ಲಿ ಕೂತ ನಮ್ಮ ಎಂ.ಡಿ. ಸ್ವರೂಪ್ ಒಂದು ಕರಡು ಬರೆದು, ಎಲ್ಲರಿಗೂ ಕಳಿಸಿಬಿಡಿ ಎಂದು ಇಂದ್ರಮ್ಮನಿಗೆ ಹಾಕಿದ್ದರು. ಕನ್ನಡದಲ್ಲಿ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ ಎಂಬ ಒಳ್ಳೆಯ ಬುದ್ಧಿಯಿಂದಲೇ ಬರೆದದ್ದು. ಇಂದ್ರಮ್ಮ ನನ್ನನ್ನು ಕರೆದು ತೋರಿಸಿದರು:

‘ಪೈಪೋಟಿಯಲ್ಲಿದ್ದ ಶಾಲಿನಿಯವರನ್ನು ಹಿಂದಿಕ್ಕಿ ಯತೀಶ್ ಉತ್ಪಾದನಾ ಮ್ಯಾನೇಜರ್ ಆಗಿದ್ದಾರೆ. ಶಾಲಿನಿಯವರಿಗೆ ಮುಂದಿನ ಸಲ ಶುಭವಾಗಲಿ. ಇನ್ನು ಲ್ಯಾಬ್ ಸೇರಿ ಎಲ್ಲರೂ ಯತೀಶ್ ಅವರ ಕೈಕೆಳಗೆ.’

ನಾನು ಓದಿ ಮುಗಿಸುವ ಹೊತ್ತಿಗೆ ಅವರು ಫೋನ್ ಹಚ್ಚಿಯಾಗಿತ್ತು.

“ಇದೇನ್ ಸಾ, ಎಲೆಕ್ಸನ್ ರಿಸಲ್ಟಾ? ಇಂಥವ್ರು ಗೆದ್ರು, ಇಂಥವ್ರು ಸೋತ್ರು ಅಂತ ಟಾಂಟಾಂ ಒಡಿಯಾಕೆ? ಶಾಲಿನಿ ಅರ್ಜಿ ಆಕಿದ್ದು ಊರಿಗೆಲ್ಲ ಯಾಕ್ ಗೊತ್ತಾಗ್ಬೇಕು? ಯತೀಶಂಗೆ ಯಾಕ್ ಕೊಟ್ರಿ ಅಂತ ಒಂದಕ್ಷರ ಬರ್ದಿಲ್ವಲ್ಲ! ಕಾರಣ ಬರೀದಿದ್ರೆ ಜನ ತಾವೇ ಒಂದ್ ಕಾರಣ ಕಟ್ತಾರೆ. ಯಾವ ಕಾರಣ ಕಟ್ತಾರೆ ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು.”

ಆ ಕಡೆಯಿಂದ ಏನೋ ಸಮಾಧಾನ ಬಂತು. ಇಂದ್ರಮ್ಮನ ದನಿ ಇನ್ನೂ ಏರಿತು.

“ಲ್ಯಾಬು ಅವನ ಕೈಕೆಳಗಾ? ಆಲು ಸರಿಯಿಲ್ಲ ಅಂತ ಏಳೋಳು ಆಲು ಓಡ್ಸೋನ ಕೈಕೆಳಗಿದ್ರೆ, ಏಳೋದು ಯಾವಾಗ ಸಾ?”

ಅಷ್ಟರಲ್ಲಿ ಬಾಗಿಲ ಕಡೆ ನೋಡಿದೆ. ಶಾಲಿನಿ ನಿಂತಿದ್ದಳು. ನಮ್ಮ ಕೋಣೆಗೂ ಲ್ಯಾಬಿಗೂ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ ಮಾತ್ರ.

ಇಂದ್ರಮ್ಮ ಫೋನ್ ಇಟ್ಟರು. ಆಯ್ಕೆಯಾಗದವರನ್ನು ಮೊದಲು ಒಬ್ಬೊಬ್ಬರಾಗಿ ಕೂರಿಸಿಕೊಂಡು ಹೇಳಬೇಕು, ಮೇಲ್ ಆಮೇಲೆ ಹೋಗಬೇಕು ಎನ್ನುವುದು ಅವರದೇ ಕಟ್ಟುನಿಟ್ಟು. ಅದನ್ನು ಅವರ ಗಂಟಲೇ ಕೆಡಿಸಿತ್ತು.

“ಕೂತ್ಕೊ ಶಾಲಿನಿ,” ಎಂದರು.

“ಯಾಕಕ್ಕ, ಗೋಡೆನೇ ಎಲ್ಲ ಏಳ್ತಲ್ಲ,” ಎಂದಳು ಅವಳು. “ಕೆಲ್ಸ ಸಿಗ್ಲಿಲ್ಲ ಅಂತ ನಂಗೇನೂ ಎದೆ ಒಡ್ದೋಗಿಲ್ಲ. ಯತೀಶಣ್ಣ ದುಡ್ದವ್ನೆ. ಆದ್ರೆ ಕೈಕೆಳಗೆ ಅಂತ ಬರ್ದವ್ರಲ್ಲ, ಅದ್ಕೆ. ನಮ್ ತಾತ ಕೆಂಪಸಿದ್ದಯ್ಯ ಗೌಡ್ರ ಕೈಕೆಳಗೆ ದುಡೀತಾನೇ ಸತ್ತ. ಆ ಮಾತಿಗೆ ಅರ್ಥ ಏನು ಅಂತ ನಮ್ಮನೇಲಿ ಯಾರೂ ಡಿಕ್ಸ್‌ನರಿ ನೋಡ್ಬೇಕಾಗಿಲ್ಲ. ಇದೇ ಮೇಲ್ ಬಂದ್ರೆ ನಾಳೆಯಿಂದ ನಾನ್ ಬರಲ್ಲ.”

ಅವಳು ಹೋದ ಮೇಲೆ ಇಂದ್ರಮ್ಮ ಊಟದ ಡಬ್ಬಿ ತೆರೆಯಲಿಲ್ಲ. ಎಂ.ಡಿ. ಮೇಲಿದ್ದ ಸಿಟ್ಟಿಗೆ ಈಗ ತಮ್ಮ ಮೇಲಿನ ಸಿಟ್ಟೂ ಸೇರಿ ಕೀಬೋರ್ಡ್ ಕುಟ್ಟುತ್ತಿದ್ದರು. ಅವರು ಬರೆದದ್ದು ಸರಳವಾಗಿತ್ತು. ಯತೀಶ್ ಯಾವ ತಾರೀಖಿನಿಂದ ಮ್ಯಾನೇಜರ್, ಏನು ಮಾಡಿದ್ದಕ್ಕೆ, ಈ ಕೆಲಸಕ್ಕೆ ಯಾವ ಅನುಭವ ಬೇಕಿತ್ತು. ಪ್ಯಾಕಿಂಗ್ ಮತ್ತು ಶೀತಲೀಕರಣದವರು ಇನ್ನು ಯತೀಶ್ ಅವರಿಗೆ ವರದಿ ಮಾಡುತ್ತಾರೆ. ಅವರ ಹಳೆಯ ಜಾಗ ತುಂಬುವ ತನಕ ಪ್ಯಾಕಿಂಗ್ ಅವರೇ ನೋಡುತ್ತಾರೆ. ಲ್ಯಾಬ್ ಎಂದಿನಂತೆ ಶಾಲಿನಿಯವರ ನೇತೃತ್ವದಲ್ಲಿ ಬೆಂಗಳೂರಿನ ಗುಣಮಟ್ಟ ಮುಖ್ಯಸ್ಥರಿಗೇ ವರದಿ ಮಾಡುತ್ತದೆ. ಹಾಲು ಒಪ್ಪುವುದು, ಬಿಡುವುದು ಲ್ಯಾಬಿನ ತೀರ್ಮಾನ. ಬದಲಾವಣೆ ಬಗ್ಗೆ ಏನೇ ಕೇಳುವುದಿದ್ದರೂ ಇಂದ್ರಮ್ಮನನ್ನು ಕೇಳಿ. ಯಾರು ಅರ್ಜಿ ಹಾಕಿದ್ದರು ಎಂಬ ಸುದ್ದಿಯೇ ಇರಲಿಲ್ಲ. ‘ಮುಂದಿನ ಸಲ ಶುಭವಾಗಲಿ’ ಇರಲಿಲ್ಲ.

ಅದನ್ನು ಓದಿ ಎಂ.ಡಿ. ಫೋನ್ ಮಾಡಿದರು. ಕಾರಣಗಳು ಚೆನ್ನಾಗಿವೆಯಂತೆ. ಆದರೆ ಕೈಕೆಳಗೆ ಎಂದರೆ ಏನು ತಪ್ಪು, ಎಲ್ಲರೂ ಆಡುವ ಮಾತಲ್ಲವೇ, ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಂಡರೆ ಹೇಗೆ ಎಂದರಂತೆ.

ಈ ಸಲ ಇಂದ್ರಮ್ಮ ಗೋಡೆ ನೋಡಿ ದನಿ ಇಳಿಸಿದರು. ಇಳಿದ ದನಿ ಇನ್ನೂ ಭಯಂಕರವಾಗಿತ್ತು.

“ತಪ್ಪಿಲ್ಲ ಬುಡಿ ಸಾ. ಮೇಲ್ ಎಂಗೂ ನಿಮ್ ಎಸ್ರಲ್ಲೇ ಓಗ್ಬೇಕು, ನೀವೇ ತಾನೆ ಆರಿಸಿದ್ದು. ನಿಮ್ ಮಾತೇ ಇರ್ಲಿ. ಆದ್ರೆ ಕಳ್ಸೋಕ್ ಮುಂಚೆ ಕಾರ್ ಅತ್ಕೊಂಡ್ ಬಂಡೂರ್ ಕಡೆ ಬನ್ನಿ. ಕೆಂಪಸಿದ್ದಯ್ಯನ ಮೊಮ್ಮಗಳು ಇನ್ಮೇಲೆ ಒಬ್ಬ ಗೌಡ್ರ ಉಡ್ಗನ ಕೈಕೆಳಗೆ ಅಂತ ಅವ್ರ ಬೀದೀಲಿ ನಿಂತು ಓದಿ. ಓದಾಕ್ ಆದ್ರೆ ಕಳ್ಸಿ.”

ಸಂಜೆ ಬಸ್ಸಿಗೆ ಹೊರಡುವ ಮೊದಲು ಎಂ.ಡಿ. ಹೆಸರಿನಲ್ಲಿ ಮೇಲ್ ಬಂತು. ಇಂದ್ರಮ್ಮ ಬರೆದದ್ದೇ, ಒಂದಕ್ಷರ ಬದಲಾಗಿರಲಿಲ್ಲ. ಬೆಳಿಗ್ಗೆ ಶಾಲಿನಿ ಬರುತ್ತಾಳೋ ಇಲ್ಲವೋ ಎಂದು ಇಂದ್ರಮ್ಮ ಬಸ್ಸಿಳಿದವರೇ ನೇರ ಲ್ಯಾಬಿಗೆ ಹೋಗಿ ಇಣುಕಿದರು. ಬಂದಿದ್ದಳು. ಇವರಿಬ್ಬರೂ ಮಾತಾಡಿಕೊಳ್ಳಲು ವಾರವೇ ಹಿಡಿಯಿತು, ಅದು ಬೇರೆ ಮಾತು.

ಮಾತಾಡಿಸಿದ್ದು ಮಳವಳ್ಳಿಯಿಂದ ಬಂದ ಒಂದು ಟ್ಯಾಂಕರ್. ಲ್ಯಾಬಿನ ಪರೀಕ್ಷೆಯಲ್ಲಿ ಹಾಲು ಒಡೆಯಿತು. ಶಾಲಿನಿ ವಾಪಸ್ ಎಂದಳು. ಪ್ಯಾಕಿಂಗ್ ಯಂತ್ರಗಳು ಖಾಲಿ ನಿಂತಿದ್ದವು. ಯತೀಶ ಕೆಂಡವಾಗಿ ಅವಳ ಹಿಂದೆಯೇ ನಮ್ಮ ಕೋಣೆಗೆ ಬಂದ.

“ಮಾರುಕಟ್ಟೆಗೆ ಏನಮ್ಮ ಕಳಿಸ್ಲಿ? ನಾನಿಲ್ಲಿ ಮ್ಯಾನೇಜರ್ರು ಕಣಮ್ಮ!”

ಇಂದ್ರಮ್ಮ ಕುರ್ಚಿ ತಳ್ಳಿ ಎದ್ದರು. “ಯತೀಶ, ಮೇಲ್ ಓದಿದ್ಯಾ?”

“ಓದಿವ್ನಿ ಅಕ್ಕ.”

“ಲ್ಯಾಬ್ ಬಗ್ಗೆ ಏನ್ ಬರ್ದದೆ, ಏಳು.”

“ಲ್ಯಾಬು ನನ್ ಕೈಕೆ…” ಎಂದವನು ಶಾಲಿನಿಯ ಮುಖ ನೋಡಿ ನುಂಗಿಕೊಂಡ. “ಲ್ಯಾಬು ನಂಗ್ ವರದಿ ಮಾಡಲ್ಲ ಅಂತ ಅದೆ.” ಹೊರಗೆ ಹೋಗಿ, ಟ್ಯಾಂಕರ್ ತಿರುಗಿಸಲು ಡ್ರೈವರ್‌ಗೆ ತಾನೇ ಕೂಗಿ ಹೇಳಿದ.

ಶಾಲಿನಿ ಎರಡು ಲೋಟ ಟೀ ತಂದಳು. ಒಂದನ್ನು ಇಂದ್ರಮ್ಮನ ಮುಂದಿಟ್ಟು, “ಇವತ್ ಗೋಡೆಗೆ ಕೇಳಿಸ್ಲಿಲ್ಲ ಕಣಕ್ಕ,” ಎಂದಳು. ಇಂದ್ರಮ್ಮ ನಗಲಿಲ್ಲ, ಆದರೆ ಟೀ ಕುಡಿದರು.

ಆ ಸಂಜೆ ಬಸ್ಸಿನಲ್ಲಿ ನಾನು ಕೇಳಿಯೇಬಿಟ್ಟೆ. ಒಂದು ಮೇಲ್‌ಗೆ ಅಷ್ಟು ಸಿಟ್ಟು ಯಾಕಕ್ಕ, ಎಂ.ಡಿ. ಕೆಲಸದಿಂದಲೇ ತೆಗೆದಿದ್ದರೆ?

ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು. ಹಿಂದೆ ಒಂದು ಗಾರ್ಮೆಂಟ್ಸ್‌ನಲ್ಲಿದ್ದಾಗ ಅವರೂ ಸೂಪರ್‌ವೈಸರ್ ಕೆಲಸಕ್ಕೆ ಅರ್ಜಿ ಹಾಕಿದ್ದರಂತೆ. ಸಿಗಲಿಲ್ಲ. ಟೀ ಹೊತ್ತಿನಲ್ಲಿ ಮೈಕಿನಲ್ಲಿ ಗೆದ್ದವಳ ಹೆಸರು ಓದಿ, ಬೆನ್ನಿಗೇ ಇವರ ಹೆಸರನ್ನೂ ಓದಿ, ‘ಮುಂದಿನ ಸಲ ಶುಭವಾಗಲಿ’ ಎಂದರಂತೆ. ಇಡೀ ಹಾಲ್ ಚಪ್ಪಾಳೆ ತಟ್ಟಿತಂತೆ.

“ನೀವು ಏನಂದ್ರಿ?” ಎಂದೆ.

“ನಾನೂ ತಟ್ದೆ. ಎಲ್ರೂ ತಟ್ತಿದ್ರಲ್ಲ,” ಎಂದರು. “ಅವತ್ತು ನನ್ ಪರವಾಗಿ ಯಾರ್ಗೂ ಸಿಟ್ ಬರ್ಲಿಲ್ಲ ಕಣವ್ವ.”