ಮೊಮ್ಮಗಳ ಕಂಪ್ಯೂಟರಿಗೆ ನಾನು ತಂದ ಪವರ್ ಸಪ್ಲೈ

ನಾನು ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸು. ಮಿಕ್ಕಿದ್ದನ್ನೆಲ್ಲ ಪಂಪ್‌ಸೆಟ್ಟು ಕಲಿಸಿತು. ಜಡಿಗೇನಹಳ್ಳಿ ಸುತ್ತಮುತ್ತ ನಾನು ಕೈಯಿಡದ ಬೋರ್‌ವೆಲ್ ಕಡಿಮೆ. ಒಂದು ಕಂಪನಿಯ ಮೋಟರಿಗೆ ಇನ್ನೊಂದು ಕಂಪನಿಯ ಸ್ಟಾರ್ಟರ್ ಹಾಕಿ ಎಷ್ಟು ತೋಟಕ್ಕೆ ನೀರು ಹರಿಸಿದ್ದೇನೋ. ಎಚ್‌ಪಿ ಸರಿಯಿದ್ದರೆ ಸಾಕು, ಬೋರ್ಡಿನ ಮೇಲೆ ಯಾರ ಹೆಸರಿದ್ದರೇನು. ಈ ಬುದ್ಧಿಯನ್ನೇ ಮೊಮ್ಮಗಳ ಕಂಪ್ಯೂಟರಿನ ಹತ್ತಿರಕ್ಕೂ ತೆಗೆದುಕೊಂಡು ಹೋದೆ ನೋಡಿ, ಅದನ್ನು ಹೇಳಬೇಕು.

ಮೊಮ್ಮಗಳು ನನ್ನ ಮಗಳ ಮಗಳು. ಸಿವಿಲ್ ಡಿಪ್ಲೊಮಾ ಮಾಡಿ ನಮ್ಮ ಮನೆಯಲ್ಲೇ ಇದ್ದಾಳೆ. ಕಟ್ಟುವ ಮನೆ ಮುಂದೆ ಹೇಗೆ ಕಾಣುತ್ತದೆ ಅಂತ ಕಂಪ್ಯೂಟರಿನಲ್ಲಿ ಬಿಡಿಸುತ್ತಾಳೆ. ಅದಕ್ಕೆ ಎಲಿವೇಶನ್ ಅನ್ನುತ್ತಾರೆ. ಹೊಸಕೋಟೆಯ ಒಂದು ಆಫೀಸಿನಲ್ಲಿ ಕಲಿತು, ತನ್ನದೇ ಕೆಲಸ ಶುರುಮಾಡುತ್ತೇನೆ ಅಂತ ಹೊರಟಳು. ಮೊದಲ ಕೆಲಸ ಕೊಟ್ಟವರು ಪಕ್ಕದೂರಿನವರು. ಗುದ್ದಲಿ ಪೂಜೆಯ ದಿನ ಸೈಟಿನಲ್ಲಿ ಮನೆಯ ಚಿತ್ರದ ಫ್ಲೆಕ್ಸ್ ಕಟ್ಟಲೇಬೇಕು, ಅಷ್ಟರೊಳಗೆ ಆಗದಿದ್ದರೆ ಹೊಸಕೋಟೆ ಆಫೀಸಿಗೇ ಕೊಡುತ್ತೇವೆ ಅಂತ ಮೊದಲೇ ಹೇಳಿದ್ದರು. ಅವರದೂ ತಪ್ಪಲ್ಲ. ನೆಂಟರಿಷ್ಟರೆಲ್ಲ ಬರುವ ದಿನ ಬರೀ ಗುಂಡಿ ತೋರಿಸುವುದಕ್ಕಾಗುತ್ತದೆಯೇ?

ಅವಳ ಕಂಪ್ಯೂಟರು ಯಾವುದೋ ಬೆಂಗಳೂರಿನ ಕಂಪನಿಯವರು ಬಳಸಿ ಬಿಟ್ಟಿದ್ದು. ಹೊಸಕೋಟೆಯಲ್ಲಿ ಅಂಥವನ್ನು ತಂದು ಒರೆಸಿ, ಸರಿಮಾಡಿ ಮಾರುವ ಅಂಗಡಿಯೊಂದಿದೆ. ಅಲ್ಲಿಂದಲೇ ತಂದಳು. ಕಂಪ್ಯೂಟರು ಚಪ್ಪಟೆಯಾಗಿ, ಕರ್ರಗೆ, ಮಿಠಾಯಿ ಡಬ್ಬದ ಹಾಗಿದೆ. ಗೋಡೆ, ಕಿಟಕಿ ಎಲ್ಲ ಚೆನ್ನಾಗಿಯೇ ಬಿಡಿಸುತ್ತಿತ್ತು. ಬಿಸಿಲು ನೆರಳು ಹಾಕಿ ನಿಜವಾದ ಮನೆಯ ಹಾಗೆ ಮಾಡಲು ಹೋದರೆ ಮಾತ್ರ ನಿಂತುಬಿಡುತ್ತಿತ್ತು. ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತ ಅವಳು ಅಜ್ಜಿಗೆ ಹೇಳುತ್ತಿದ್ದಳು, ಇದಕ್ಕೊಂದು ಗ್ರಾಫಿಕ್ಸ್ ಕಾರ್ಡು ಹಾಕಬೇಕು, ಆದರೆ ಇದರ ಪವರ್ ಸಪ್ಲೈ ಸಾಲುವುದಿಲ್ಲ ಅಂತ. ನನ್ನ ಕಿವಿಗೆ ಬಿದ್ದಿದ್ದು ಇಷ್ಟೇ: ಪವರ್ ಸಾಲುವುದಿಲ್ಲ. ಇದು ನಮ್ಮ ಇಲಾಖೆ.

ಯಾರಿಗೂ ಹೇಳದೆ ಬಸ್ಸು ಹತ್ತಿ ಅದೇ ಅಂಗಡಿಗೆ ಹೋದೆ. ಅಂಗಡಿಯಾಕೆ, ಯಾವುದಕ್ಕೆ ತಾತ ಅಂತ ಕೇಳಿದಳು. ಕಂಪ್ಯೂಟರಿಗೆ ಕಣಮ್ಮ ಅಂದೆ. ದೊಡ್ಡ ಎಚ್‌ಪಿ ಬೇಕು ಅಂದೆ. ಅವಳು ನಕ್ಕು, ಇಲ್ಲಿ ಎಚ್‌ಪಿ ಅಲ್ಲ ತಾತ, ವ್ಯಾಟು ಅಂತ ತಿದ್ದಿ, ಒಂದು ಒಳ್ಳೆಯ ಪೆಟ್ಟಿಗೆ ಕೊಟ್ಟಳು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ, ಎಳೆಮಗುವಿನ ಹಾಗೆ.

ಮೊಮ್ಮಗಳು ಪೆಟ್ಟಿಗೆ ನೋಡಿ ನನ್ನನ್ನು ತಬ್ಬಿಕೊಂಡಳು. ಆಮೇಲೆ ಕಂಪ್ಯೂಟರಿನ ಮುಚ್ಚಳ ತೆಗೆದು ಒಮ್ಮೆ ಒಳಗೆ, ಒಮ್ಮೆ ಪೆಟ್ಟಿಗೆಯ ಕಡೆ ನೋಡಿದಳು. ನಾನೂ ಬಗ್ಗಿ ನೋಡಿದೆ. ಒಳಗಿದ್ದ ಸಪ್ಲೈ ಇಟ್ಟಿಗೆಯನ್ನು ಉದ್ದಕ್ಕೆ ಸೀಳಿದ ಹಾಗಿತ್ತು. ನಾನು ತಂದದ್ದು ದಪ್ಪ, ಗೂಡಿನೊಳಗೆ ಹೋಗುವ ಮಾತೇ ಇಲ್ಲ. ಹೋಗಲಿ, ವೈರಾದರೂ ಸಿಕ್ಕಿಸೋಣ ಅಂದರೆ ನಾನು ತಂದದ್ದರ ಪ್ಲಗ್ಗು ಅಗಲ, ಎರಡು ಸಾಲು ತುಂಬ ತೂತು. ಈ ಕಂಪ್ಯೂಟರಿನ ಬೋರ್ಡಿನ ಮೇಲಿದ್ದದ್ದು ಚಿಕ್ಕ ಸಾಕೆಟ್ಟು. ಡಿಸ್ಕಿಗೆ ಹೋಗುವ ಕರೆಂಟು ಕೂಡ ಸಪ್ಲೈಯಿಂದ ಬರದೆ ಬೋರ್ಡಿನಿಂದಲೇ ಹೋಗುತ್ತಿತ್ತು. ನನ್ನ ಜನ್ಮದಲ್ಲಿ ಅಂಥ ಸ್ಟಾರ್ಟರ್ ಕಂಡಿರಲಿಲ್ಲ.

"ಆಗುತ್ತೆ ಬಿಡು ತಾತ, ಏನಾದ್ರೂ ಮಾಡಣ" ಅಂದಳು ಮೊಮ್ಮಗಳು.

ಅಡುಗೆಮನೆಯಿಂದ ನಮ್ಮವಳು, "ಮನೆ ಕಟ್ಟೋಕೆ ಮುಂಚೆ ಬಾಗ್ಲು ತಂದವ್ರೆ ನಿಮ್ ತಾತ" ಅಂದಳು.

ಮಾರನೆಯ ದಿನ ಮೊಮ್ಮಗಳು ಸ್ಕೂಟರ್ ತೆಗೆದಳು. ಮುಂದೆ ಕಂಪ್ಯೂಟರು, ಹಿಂದೆ ನಾನು ಮತ್ತು ನನ್ನ ಪೆಟ್ಟಿಗೆ, ಹೀಗೆ ಅಂಗಡಿಗೆ ಹೋದೆವು. ಅಂಗಡಿಯಾಕೆ ಹಣೆ ಮುಟ್ಟಿಕೊಂಡು, ಇದಕ್ಕೆ ಅಂತ ಮೊದಲೇ ಹೇಳಬಾರದಿತ್ತಾ ತಾತ ಅಂದಳು. ಆಫೀಸುಗಳಿಗೆ ಅಂತ ದೊಡ್ಡ ಕಂಪನಿಗಳು ಮಾಡುವ ಇಂಥ ಕಂಪ್ಯೂಟರುಗಳಲ್ಲಿ ಸಪ್ಲೈ, ಬೋರ್ಡು, ಡಬ್ಬ ಮೂರನ್ನೂ ತಮ್ಮದೇ ಅಳತೆಯಲ್ಲಿ ಮಾಡಿಕೊಂಡಿರುತ್ತಾರೆ, ಹೊರಗಿನದು ಸುಲಭಕ್ಕೆ ಹೊಂದುವುದಿಲ್ಲ ಅಂತ ವಿವರಿಸಿದಳು.

ಮೊಮ್ಮಗಳು ಬಿಡಲಿಲ್ಲ. ಬೋರ್ಡನ್ನು ಬಿಚ್ಚಿ ಬೇರೆ ದೊಡ್ಡ ಕ್ಯಾಬಿನೆಟ್ಟಿಗೆ ಹಾಕಿದರೆ ಅಂತ ಕೇಳಿದಳು. ಇದರ ಸ್ಕ್ರೂ ತೂತುಗಳು ಅಲ್ಲಿ ಕೂರುವುದಿಲ್ಲ, ಹಿಂದಿನ ತಗಡು ಈ ಡಬ್ಬಕ್ಕೇ ಸೇರಿದ್ದು, ಆನ್ ಮಾಡುವ ಗುಂಡಿಯ ವೈರೂ ಬೇರೆ, ಈ ಡಬ್ಬದ ಮುಂದಿನ ಫ್ಯಾನು ಕಾಣದಿದ್ದರೆ ಬೋರ್ಡು ಪ್ರತಿಸಲ ಆನ್ ಮಾಡಿದಾಗಲೂ ತಪ್ಪು ಅಂತ ತೋರಿಸಿ ನಿಲ್ಲುತ್ತದೆ ಅಂತ ಉತ್ತರ ಬಂತು. ಹಾಗಾದರೆ ಪ್ಲಗ್ಗು ಬದಲಾಯಿಸುವ ವೈರು ಸಿಗುತ್ತದಲ್ಲ, ಸಪ್ಲೈಯನ್ನು ಡಬ್ಬದ ಹೊರಗೇ ಇಡುತ್ತೇನೆ ಅಂದಳು. ವೈರು ಸಿಗುತ್ತದೆ, ಕೆಲವಕ್ಕೆ ನಡೆಯುತ್ತದೆ, ಆದರೆ ಮುಚ್ಚಳ ಹಾಕಲಾಗದೆ ಧೂಳು ಕುಡಿಯುತ್ತದೆ, ಅಷ್ಟೂ ಮಾಡಿದರೂ ಆ ಸಪ್ಲೈ ಕೇಳುವಂಥ ದೊಡ್ಡ ಕಾರ್ಡು ಈ ಚಪ್ಪಟೆ ಡಬ್ಬದಲ್ಲಿ ನಿಲ್ಲುವುದೇ ಇಲ್ಲ ಅಂದಳು ಅಂಗಡಿಯಾಕೆ. ಅರ್ಧ ಎತ್ತರದ ಚಿಕ್ಕ ಕಾರ್ಡು ಒಂದಿದೆ, ಅದಕ್ಕೆ ಬೇರೆ ವೈರೇ ಬೇಡ, ಬೋರ್ಡಿನ ಸ್ಲಾಟಿನಿಂದಲೇ ಬೇಕಾದಷ್ಟು ಎಳೆದುಕೊಳ್ಳುತ್ತದೆ, ಈಗಿರುವ ಸಪ್ಲೈ ಸಾಕು. ಜೊತೆಗೆ ರ‍್ಯಾಮು ಹೆಚ್ಚಿಸೋಣ, ಅದು ಮಾಮೂಲಿ ಅಳತೆಯದೇ. ದೊಡ್ಡ ಕಾರ್ಡಿನ ವೇಗ ಬರುವುದಿಲ್ಲ, ಆದರೆ ನಿನ್ನ ಫ್ಲೆಕ್ಸ್ ಆಗುತ್ತದೆ ಅಂತ ಧೈರ್ಯ ಹೇಳಿದಳು.

ಅಷ್ಟು ಕೇಳಿಯೂ ಮೊಮ್ಮಗಳು, "ಇಲ್ಲ ಅಕ್ಕಾ, ಒಂದ್ಸಲ ಆ ವೈರ್ ಹಾಕಿ ನೋಡಣ" ಅಂದಳು. ಹೇಳುವಾಗ ಕಾರ್ಡನ್ನು ನೋಡಲಿಲ್ಲ, ನನ್ನ ತೊಡೆಯ ಮೇಲಿದ್ದ ಪೆಟ್ಟಿಗೆಯನ್ನು ನೋಡಿದಳು.

ಆಗ ನನಗೆ ಹೊಳೆಯಿತು. ಈ ಹುಡುಗಿಗೆ ನಿನ್ನೆ ಮುಚ್ಚಳ ತೆಗೆದಾಗಲೇ ಎಲ್ಲ ಗೊತ್ತಾಗಿದೆ. ತಾತ ಬಸ್ಸಿನಲ್ಲಿ ಹೊತ್ತು ತಂದದ್ದನ್ನು ಬೇಡ ಅನ್ನಲಾರದೆ, ತನ್ನ ಮೊದಲ ಕೆಲಸವನ್ನೇ ಪಣಕ್ಕಿಟ್ಟು ಹೆಣಗುತ್ತಿದ್ದಾಳೆ. ನನಗೆ ಇದಕ್ಕಿಂತ ದೊಡ್ಡ ಭಾಗ್ಯ ಯಾವುದಿದೆ ಹೇಳಿ.

"ಮೋಟ್ರಿಗೆ ಹೊಂದದ ಸ್ಟಾರ್ಟರ್ ಯಾರ್ ತಂದ್ರೂ ಹೊಂದಾಕಿಲ್ಲ ಕಣವ್ವ, ನಾನ್ ತಂದ್ರೂ ಅಷ್ಟೇ" ಅಂದೆ. "ಆ ಚಿಕ್ಕದನ್ನೇ ಹಾಕ್ಸು. ಪೂಜೆ ಹತ್ರ ಬಂತು."

ಅವಳ ಮುಖ ಹಗುರಾಯಿತು. ಅಂಗಡಿಯಾಕೆಗೂ ಅರ್ಥವಾಯಿತೋ ಏನೋ, ಕಾರ್ಡನ್ನು ನನ್ನ ಕೈಗೇ ಕೊಟ್ಟಳು. ಅದರ ತುದಿಗೆ ಉದ್ದನೆಯ ತಗಡಿನ ಪಟ್ಟಿಯಿತ್ತು, ಅದನ್ನು ತೆಗೆದು ಜೊತೆಯಲ್ಲಿ ಬಂದ ಗಿಡ್ಡ ಪಟ್ಟಿ ಹಾಕಬೇಕಂತೆ. ಜೇಬಿನಲ್ಲಿ ನನ್ನ ಹಳೆಯ ಟೆಸ್ಟರ್ ಇದ್ದೇ ಇರುತ್ತದೆ. ಆ ಸಣ್ಣ ಸ್ಕ್ರೂಗಳನ್ನು ನಾನೇ ಬಿಚ್ಚಿ ನಾನೇ ಬಿಗಿದೆ. ಮೊಮ್ಮಗಳು ಕಾರ್ಡನ್ನು ಸ್ಲಾಟಿಗೆ ಒತ್ತಿದಳು. ಮುಚ್ಚಳ ಸರಿಯಾಗಿ ಕೂತಿತು.

ಪೂಜೆಯ ದಿನ ಸೈಟಿನಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಬೆಳಗಿನ ಬಿಸಿಲು ಬಿದ್ದ ಬಿಳಿ ಮನೆ, ಕಂಬಗಳ ನೆರಳು ನೆಲದ ಮೇಲೆ, ಮುಂದೆ ಕೂರುವುದಕ್ಕೊಂದು ಜಗಲಿ. ಆ ಮನೆಯ ಮುದುಕಿ ಹತ್ತಿರ ಹೋಗಿ ಚಿತ್ರದ ಜಗಲಿಯನ್ನು ಅಂಗೈಯಿಂದ ಸವರಿದಳು. ಸಮೇತನಹಳ್ಳಿಯಿಂದ ಬಂದಿದ್ದ ಅವರ ನೆಂಟರು ನನ್ನನ್ನೇ ಇದನ್ನು ಯಾರು ಬಿಡಿಸಿದರು ಅಂತ ಕೇಳಿದರು. ನಾನು ಊರಿಗೆಲ್ಲ ಕೇಳುವ ಹಾಗೆ ಹೇಳಿದೆ. ಅವರೂ ತಮ್ಮ ಮನೆಯ ಕೆಲಸ ಕೊಟ್ಟರು.

ನನ್ನ ಪೆಟ್ಟಿಗೆಯನ್ನು ಅಂಗಡಿಯಾಕೆ ವಾಪಸ್ ತೆಗೆದುಕೊಳ್ಳುತ್ತೇನೆ ಅಂದಿದ್ದಳು. ಮೊಮ್ಮಗಳೇ ಕೊಡಲಿಲ್ಲ. ಅದೀಗ ಅವಳ ಮೇಜಿನ ಮೇಲಿನ ಗೂಡಿನಲ್ಲಿದೆ. ಮುಂದಿನ ಕಂಪ್ಯೂಟರನ್ನು ತಾನೇ ಜೋಡಿಸುತ್ತಾಳಂತೆ, ಮಾಮೂಲಿ ಅಳತೆಯ ಬೋರ್ಡು, ಮಾಮೂಲಿ ಅಳತೆಯ ಕ್ಯಾಬಿನೆಟ್ಟು.

"ಎಲ್ಲಾ ನಿನ್ ಸಪ್ಲೈಗೆ ಹೊಂದೋದನ್ನೇ ತರ್ತೀನಿ ತಾತ" ಅಂದಳು.

ಬಾಗಿಲು ಮೊದಲೇ ಬಂದಿದೆ, ಇನ್ನು ಮನೆ ಕಟ್ಟುವುದಷ್ಟೇ ಅಂತ ನಾನು ನಮ್ಮವಳಿಗೆ ಹೇಳಿ ಬಂದೆ.