ತೊಳೆದರೂ ಬಿಡದ್ದು

ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್ ಆಗಿ ವರ್ಷಗಟ್ಟಲೆ ಕೂತವಳು ನಾನು. ಟ್ಯೂಬಿನಲ್ಲಿ ರಕ್ತ ಗಂಟು ಕಟ್ಟಿದರೆ ಒಂದು ಉತ್ತರ ಸಿಕ್ಕಿತಲ್ಲ ಅಂತ ನೆಮ್ಮದಿ. ಆ ಬೆಳಿಗ್ಗೆ ಮಾತ್ರ ಗಂಟು ಕಟ್ಟುವುದು ಬೇಡವೇ ಬೇಡ ಅಂತ ಕೂತಿದ್ದೆ.

ಬಾಣಂತಿ ಸುರತ್ಕಲ್ ಕಡೆಯವಳು, ಗಂಡ ಗಲ್ಫಿನಲ್ಲಿ. ಅವಳದ್ದು ಬಿ ನೆಗೆಟಿವ್, ಮಗುವಿನದ್ದು ಬಿ ಪಾಸಿಟಿವ್. ಹುಟ್ಟಿ ಒಂದು ದಿನ ತುಂಬುವ ಮೊದಲೇ ಮಗು ಅರಶಿನ ಹಚ್ಚಿದ ಹಾಗೆ ಹಳದಿ. ಮೊದಲ ಮಗುವಿಗೆ ಹೀಗಾಗುವುದು ಅಪರೂಪ. ಹೆಚ್ಚಾಗಿ ಹೆರಿಗೆಯಲ್ಲಿ ಮಗುವಿನ ರಕ್ತ ಸೇರಿದ ಮೇಲೇ ತಾಯಿಯ ಮೈ ಅದರ ವಿರುದ್ಧ ಆಂಟಿಬಾಡಿ ಮಾಡುವುದು; ಪೆಟ್ಟು ತಿನ್ನುವುದು ಮುಂದಿನ ಮಗು.

ತಾಯಿಯ ಆಂಟಿಬಾಡಿ ಮಗುವಿನ ಕಣಕ್ಕೆ ಅಂಟಿದೆಯೋ ಅಂತ ನೋಡುವ ಡೈರೆಕ್ಟ್ ಕೂಂಬ್ಸ್ ಟೆಸ್ಟಿಗೆ ಹೊಕ್ಕುಳಬಳ್ಳಿಯ ರಕ್ತ ಬಂದಿತ್ತು. ಕೆಂಪು ಕಣಗಳನ್ನು ಸಲೈನಿನಲ್ಲಿ ಮತ್ತೆ ಮತ್ತೆ ತೊಳೆದೆ. ಸುಮ್ಮನೆ ತೇಲುವ ಆಂಟಿಬಾಡಿ ತೊಳೆದು ಹೋಗ್ತದೆ, ಕಣಕ್ಕೆ ಅಂಟಿ ಕೂತದ್ದು ಹೋಗುವುದಿಲ್ಲ. ಅದು ತಾನಾಗಿ ಕಣಗಳನ್ನು ಒಟ್ಟಿಗೆ ಎಳೆಯಲಾರದು. ಕೂಂಬ್ಸ್ ರೀಏಜೆಂಟ್ ಹಾಕಿದರೆ, ಅದು ಅಕ್ಕಪಕ್ಕದ ಕಣಗಳ ಮೇಲಿನ ಆಂಟಿಬಾಡಿಗಳನ್ನು ಹಿಡಿದು ಜೋಡಿಸ್ತದೆ. ಯಂತ್ರದಲ್ಲಿ ತಿರುಗಿಸಿ, ಮೆಲ್ಲ ಅಲುಗಾಡಿಸಿದೆ. ಒಂದೇ ಗಟ್ಟಿ ಗಂಟು.

ಬಳ್ಳಿಯ ಲೋಳೆಯೂ ಹೀಗೆ ಮೋಸ ಮಾಡುವುದುಂಟು ಮಾರಾಯ್ತಿ, ಅಂತ ನನಗೆ ನಾನೇ ಹೇಳಿಕೊಂಡೆ. ಮಗುವಿನ ಕೈಯಿಂದಲೇ ರಕ್ತ ತರಿಸಿ ಪುನಃ ಮಾಡಿದೆ. ಅದೂ ಹಾಗೆಯೇ. ತಾಯಿಯ ರಕ್ತದಲ್ಲಿಯೂ ಪಾಸಿಟಿವ್ ಕಣಕ್ಕೆ ಅಂಟುವ ಆಂಟಿಬಾಡಿ, ಆಂಟಿ-ಡಿ, ಸಿಕ್ಕಿತು. ರಿಪೋರ್ಟ್ ಹಿಡಿದು ವಾರ್ಡಿಗೆ ಓಡಿದೆ.

ಡಾಕ್ಟರ್ ಬಿಡದೆ ಕೇಳಿದ ಮೇಲೆ ಬಾಣಂತಿಯ ಅತ್ತೆ ಬಾಯಿಬಿಟ್ಟರು. ಎರಡು ವರ್ಷದ ಹಿಂದೆ ನಾಲ್ಕನೇ ತಿಂಗಳಲ್ಲಿ ಒಂದು ಹೋಗಿತ್ತಂತೆ. ಸೀಮಂತಕ್ಕೆ ಮೊದಲೇ ಹೋದದ್ದನ್ನು ಅವರಲ್ಲಿ ಬಸಿರು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ನಾಲ್ಕು ಜನ ಆಡಿಕೊಳ್ಳಬಾರದು ಅಂತ ಆಸ್ಪತ್ರೆಗೂ ಕರೆದುಕೊಂಡು ಹೋಗಲಿಲ್ಲ, ಬಸಿರು ಹೋದಾಗಲೂ ರಕ್ತ ಸೇರಿ ಆಂಟಿಬಾಡಿ ಹುಟ್ಟಬಾರದು ಅಂತ ಆಗ ಕೊಡಬೇಕಾದ ಇಂಜೆಕ್ಷನ್ ಕೊಡಿಸಲೂ ಇಲ್ಲ. ಈ ಸಲ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿಯೂ ಚೊಚ್ಚಲು ಅಂತಲೇ ಹೇಳಿದ್ದರು. ಅವರೂ ಆಂಟಿಬಾಡಿ ನೋಡುವ ಗೋಜಿಗೆ ಹೋಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಆ ಹೆಂಗಸಿನ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ.

ಮಗುವಿನ ರಕ್ತ ಬದಲಾಯಿಸಲು ಓ ನೆಗೆಟಿವ್ ಬೇಕಿತ್ತು. ಊರಿಡೀ ಫೋನ್ ಮಾಡಿ ಹೊಸ ರಕ್ತ ತರಿಸಿದೆವು, ತಾಯಿಯ ಸೀರಮ್ಮಿಗೆ ಹೊಂದುತ್ತದೋ ಅಂತ ನೋಡಿ ಕೊಟ್ಟೆ. ಕೊಳವೆ ಹಾಕಿ ಶುರು ಮಾಡಿದರು. ಅಷ್ಟರಲ್ಲಿ ಕಣಗಳು ಒಡೆದೊಡೆದು ಮಗುವಿನ ಹೃದಯ ಸೋತಿತ್ತು. ಸಂಜೆಗೆ ತೀರಿಕೊಂಡಿತು.

ಮರುದಿನ ಅತ್ತೆ ನಮ್ಮ ಕಿಟಕಿಗೆ ಬಂದರು. ಕಣ್ಣು ಬಾತು ಹೋಗಿತ್ತು.

"ಆ ಇಂಜೆಕ್ಷನ್ ಈಗ ಕೊಡಿಸ್ತೇನೆ ಮಗಾ. ಎಲ್ಲಿ ಉಂಟು?"

ಆಂಟಿಬಾಡಿ ಹುಟ್ಟಿದ ಮೇಲೆ ಅದರಿಂದ ಎಂತ ಉಪಯೋಗವೂ ಇಲ್ಲ ಅಂತ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಸೊಸೆಗೆ ಇನ್ನೂ ಇಪ್ಪತ್ತಮೂರು, ಇನ್ನೊಂದು ಆಗಬೇಕಲ್ಲ ಅಂದರು.

"ಅಮ್ಮ, ಅದು ಅವಳ ಮೈಯಿಂದ ಇನ್ನು ಹೋಗುವುದಿಲ್ಲ," ಅಂದೆ.