ಬೆಚ್ಚಗಾಗದ ಮುಚ್ಚಳ

ಆ ಮಳೆಗಾಲದಲ್ಲಿ ನನ್ನ ಬಳಿ ಒಂದು ಸಣ್ಣ ಬಾಟಲಿ ಇತ್ತು. ಅದರಲ್ಲಿ ಬೇಯಿಸಿ ಸಣ್ಣಗೆ ಮಾಡಿದ ಮಾಂಸದ ಚೂರುಗಳು, ಅದರ ಸಾರು, ಮೇಲೆ ತೆಳುವಾದ ಎಣ್ಣೆಯ ಪದರ. ಆ ಸಾರಿನಲ್ಲಿ ಜೀವಂತವಾಗಿ ಏನೋ ಇತ್ತು. ಅದನ್ನು ಹೊರತಂದು, ಆಹಾರದ ಜೆಲ್ಲಿ ತುಂಬಿದ ತಟ್ಟೆಯ ಮೇಲೆ ಬೆಳೆಸಲು ಮಾತ್ರ ನನಗೆ ಆಗುತ್ತಿರಲಿಲ್ಲ.

ನಾನು ಆಗ ಕಾರವಾರದ ಒಂದು ಆಸ್ಪತ್ರೆಯ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಸಂಶೋಧನಾ ಪ್ರಬಂಧಕ್ಕಾಗಿ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಅಂಕೋಲೆಯಿಂದ ಬಸ್ಸು, ಸಂಜೆ ವಾಪಸು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯಗಳಲ್ಲಿ ಗಾಳಿ ಸೋಕದೆ ಬದುಕುವ ಬ್ಯಾಕ್ಟೀರಿಯಾಗಳನ್ನು ಹುಡುಕುವುದು ನನ್ನ ವಿಷಯ. ಇವುಗಳಿಗೆ ಆಮ್ಲಜನಕವೇ ವಿಷ. ನಮಗೆ ಬೇಕಾದ ಗಾಳಿ ತಾಗಿದರೆ ಇವು ಬೆಳೆಯುವುದಿಲ್ಲ, ಹಲವು ಸತ್ತೇ ಹೋಗುತ್ತವೆ. ಐದು ರೋಗಿಗಳ ಕೀವನ್ನು ಪರೀಕ್ಷಿಸಿದ್ದೆ. ಐದರಲ್ಲೂ ಏನೂ ಬೆಳೆದಿರಲಿಲ್ಲ.

ಆರನೆಯದು ಅಂಕೋಲೆ ಪೇಟೆಯಲ್ಲಿ ಮೀನು ಮಾರುವ, ಸಕ್ಕರೆ ಕಾಯಿಲೆಯಿದ್ದ ಒಬ್ಬ ಹೆಂಗಸಿನದು. ಪಾದಕ್ಕೆ ಮೀನಿನ ಮುಳ್ಳು ಚುಚ್ಚಿ ಬಾತುಕೊಂಡಿತ್ತು. ಸರ್ಜನ್ ಕೀವು ತೆಗೆದು, ವಾಸನೆಯ ಮೇಲೇ ಅಂದಾಜು ಮಾಡಿ ಔಷಧಿ ಶುರು ಮಾಡಿದ್ದರು; ಆಕೆ ಗುಣವಾಗುತ್ತಿದ್ದಳು. ಸಿರಿಂಜಿನಲ್ಲಿ ಬಂದ ಕೀವಿನ ಗಾಳಿಗುಳ್ಳೆಯನ್ನು ಹೊರಗೆ ತಳ್ಳಿ, ಕೆಲವು ಹನಿಗಳನ್ನು ಆ ಮಾಂಸದ ಬಾಟಲಿಯ ತಳಕ್ಕೆ ಬಿಟ್ಟಿದ್ದೆ. ಬಾಟಲಿಯನ್ನು ಮೊದಲೇ ಕುದಿಸಿದರೆ ಸಾರಿನೊಳಗಿನ ಗಾಳಿ ಹೊರಟುಹೋಗುತ್ತದೆ. ಉಳಿದಿದ್ದನ್ನು ಮಾಂಸದ ಚೂರುಗಳು ಹೀರಿಕೊಳ್ಳುತ್ತವೆ. ಎರಡು ದಿನದಲ್ಲಿ ಸಾರು ಕದಡಿತು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತೆಳ್ಳಗಿನ ಗುಲಾಬಿ ಕಡ್ಡಿಗಳು ಕಂಡವು. ಅದೇ ಸಾರನ್ನು ಸಾಮಾನ್ಯ ಗಾಳಿಯಲ್ಲಿಟ್ಟ ತಟ್ಟೆಯ ಮೇಲೆ ಗೆರೆಗಳಾಗಿ ಎಳೆದರೆ ತಟ್ಟೆ ಖಾಲಿ. ನಾನು ಹುಡುಕುತ್ತಿದ್ದದ್ದು ಇದೇ. ಗಾಳಿಯಿಲ್ಲದ ಜಾರಿನೊಳಗೆ ಬೆಳೆಸಿ ತೋರಿಸುವುದೊಂದೇ ಬಾಕಿ. ಕೈಕೊಡುತ್ತಿದ್ದದ್ದು ಆ ಜಾರೇ.

ವಿಭಾಗದ ಮುಖ್ಯಸ್ಥೆಯಾದ ಮೇಡಂ ಬುಧವಾರ ಕರೆದರು. ಕೋಪವಿರಲಿಲ್ಲ, ಅದೇ ಹೆಚ್ಚು ಕಷ್ಟವೆನಿಸಿತು.

"ಸೋಮವಾರದವರೆಗೆ ನೋಡು. ಇದೂ ಬೆಳೆಯದಿದ್ದರೆ ವಿಷಯ ಬದಲಾಯಿಸೋಣ. ಮೂತ್ರದ ಸೋಂಕಿನ ಮೇಲೆ ಬೇಕಾದಷ್ಟು ಮಾದರಿ ಸಿಗುತ್ತದೆ."

"ಆಗಲಿ ಮೇಡಂ" ಎಂದೆ. ಒಳಗೆ ಇನ್ನೂ ಹತ್ತು ಮಾತುಗಳಿದ್ದವು, ಆಡಲಿಲ್ಲ.

ಓದಿದ ವಿಶ್ವವಿದ್ಯಾಲಯದಲ್ಲಿ ನಾನು ಜಾರ್ ಬಳಸಿಯೇ ಇರಲಿಲ್ಲ. ಅಲ್ಲಿ ಗಾಜಿನ ಗೋಡೆಯ ಒಂದು ಛೇಂಬರ್ ಇತ್ತು, ಒಳಗೆಲ್ಲ ನೈಟ್ರೋಜನ್, ಜೊತೆಗೆ ಸ್ವಲ್ಪ ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್. ಗೋಡೆಗೆ ಹೊಂದಿಸಿದ ಉದ್ದನೆಯ ಕೈಗವಸಿನೊಳಗೆ ತೋಳು ತೂರಿಸಿ ಕೆಲಸ ಮಾಡುವುದು. ತಟ್ಟೆ ಒಳಗೆ ಹೋಗಬೇಕಾದರೆ ಎರಡು ಬಾಗಿಲಿನ ಸಣ್ಣ ಕೋಣೆಯನ್ನು ದಾಟಬೇಕು. ಅಲ್ಲಿ ಹೊರಗಿನ ಗಾಳಿಯನ್ನು ಹೀರಿ ತೆಗೆದ ಮೇಲಷ್ಟೇ ಒಳಬಾಗಿಲು ತೆಗೆಯಬಹುದು. ಆ ಯಂತ್ರದ ಆರೈಕೆಗೆ ಬೇರೆಯೇ ತಂತ್ರಜ್ಞರಿದ್ದರು. ನಾನು ತೋಳು ತೂರಿಸಿದವಳು ಮಾತ್ರ.

ಇಲ್ಲಿ ಇದ್ದದ್ದು ಬೀರುವಿನಲ್ಲಿ ವರ್ಷಗಟ್ಟಲೆ ಕುಳಿತಿದ್ದ ಒಂದು ದಪ್ಪ ಪಾರದರ್ಶಕ ಜಾರ್. ಅದರ ವಿಧಾನ ಸರಳ. ತಟ್ಟೆಗಳನ್ನು ಒಳಗಿಟ್ಟು, ರಾಸಾಯನಿಕದ ಪೊಟ್ಟಣದ ಮೂಲೆ ಕತ್ತರಿಸಿ, ಹತ್ತು ಮಿಲಿಲೀಟರ್ ನೀರು ಬಿಟ್ಟು, ಕೂಡಲೇ ಮುಚ್ಚಳ ಬಿಗಿಯಬೇಕು. ಪೊಟ್ಟಣದಿಂದ ಹೈಡ್ರೋಜನ್ ಹೊರಡುತ್ತದೆ. ಮುಚ್ಚಳದ ಒಳಗಡೆ ತಂತಿಬಲೆಯ ಸಣ್ಣ ಡಬ್ಬಿಯಲ್ಲಿ ಪಲ್ಲೇಡಿಯಂ ಲೇಪಿಸಿದ ಕಾಳುಗಳಿರುತ್ತವೆ. ಅವುಗಳ ಮೇಲೆ ಹೈಡ್ರೋಜನ್ ಜಾರಿನ ಆಮ್ಲಜನಕವನ್ನು ಕೂಡಿ ನೀರಾಗುತ್ತದೆ. ಆಮ್ಲಜನಕ ಮುಗಿಯಿತೆಂದು ಹೇಳಲು ಒಳಗೊಂದು ನೀಲಿ ಪಟ್ಟಿ. ಕೆಲವು ಗಂಟೆಗಳಲ್ಲಿ ಅದು ಬಿಳಿಚಬೇಕು.

ನನ್ನ ಪಟ್ಟಿ ಆರು ಸಲವೂ ನೀಲಿಯಾಗಿಯೇ ಉಳಿಯಿತು. ಪೊಟ್ಟಣ ಹಳತಾಗಿರಬಹುದೆಂದು ಹೊಸದು ತರಿಸಿದೆ. ಮುಚ್ಚಳದ ರಬ್ಬರ್ ಉಂಗುರ ಸೋರುತ್ತಿರಬಹುದೆಂದು ಅದನ್ನೂ ಬದಲಿಸಿ ಗ್ರೀಸ್ ಹಚ್ಚಿದೆ. ಪ್ರತಿ ಸಲ ಮುಗಿದ ಮೇಲೆ ಜಾರ್, ಮುಚ್ಚಳ, ತಂತಿಬಲೆಯ ಡಬ್ಬಿ ಎಲ್ಲವನ್ನೂ ಶುದ್ಧ ನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದೆ. ನನ್ನ ಮೇಜು ಇಡೀ ವಿಭಾಗದಲ್ಲೇ ಚೊಕ್ಕವಾಗಿತ್ತು. ಅದರ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಪ್ರಯೋಗಾಲಯದ ಸಹಾಯಕಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಬೈತಖೋಲ ಬಂದರಿನ ಹತ್ತಿರದ ಮೀನುಗಾರರ ಮನೆಯವರು, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇಲ್ಲಿ ಗಾಜು ತೊಳೆದವರು. ಗುರುವಾರ ನಾನು ಮತ್ತೊಮ್ಮೆ ಜಾರ್ ಮುಚ್ಚಿ ನೀಲಿ ಪಟ್ಟಿಯನ್ನೇ ನೋಡುತ್ತ ಕೂತಿದ್ದಾಗ ಅವರು ಬಂದು ಮುಚ್ಚಳದ ಮೇಲೆ ಅಂಗೈ ಇಟ್ಟರು.

"ತಣ್ಣಗೆ ಅದೆಯಲ್ಲೆ ತಂಗಿ, ಹೆಣದ ಹಾಗೆ."

"ತಣ್ಣಗಿರದೆ ಮತ್ತೆ ಹೇಗಿರಬೇಕು ಅಕ್ಕ?"

"ಬೆಚ್ಚಗಾಗ್ಬೇಕು. ಮೊದಲಿದ್ದ ಟೆಕ್ನಿಶಿಯನ್ನರು ಮುಚ್ಚಿದ ಮೇಲೆ ನಾನೇ ಕೈ ಇಟ್ಟು ನೋಡ್ತಿದ್ದೆ. ಈಗ ಇಳಿಸಿದ ಚಾ ಪಾತ್ರೆ ಹಾಗೆ ಇರ್ತಿತ್ತು. ಒಳಗೆ ಗಾಜೆಲ್ಲ ಬೆವರ್ತಿತ್ತು."

ಹೈಡ್ರೋಜನ್ ಆಮ್ಲಜನಕವನ್ನು ಕೂಡಿದರೆ ಶಾಖ ಹುಟ್ಟುತ್ತದೆ, ನೀರಾಗುತ್ತದೆ. ಅಂದರೆ ಮುಚ್ಚಳ ಬೆಚ್ಚಗಾಗಬೇಕು, ಗಾಜಿಗೆ ಮಂಜು ಕಟ್ಟಬೇಕು. ಇದನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಕೈ ಇಟ್ಟು ನೋಡಿರಲಿಲ್ಲ.

"ಆ ಕಾಳಿನ ಡಬ್ಬಿ ಅವರು ಏನು ಮಾಡ್ತಿದ್ದರು ಅಕ್ಕ?"

"ಏನು ಮಾಡೂದು? ಒಣಗ್ಸೂದು. ಪ್ರತಿ ಸಲ ನಾನೇ ಒಯ್ದು ಆ ಬಿಸಿ ಓವನ್ನಿಗೆ ಹಾಕ್ತಿದ್ದೆ, ಎರಡು ತಾಸು. ನೀನು ನೀರಿಗೆ ಹಾಕ್ತೆ. ನಾ ನೋಡ್ತೇ ಇದ್ದೆ."

"ನೋಡ್ತಾ ಇದ್ದು ಹೇಳಲಿಲ್ಲ ಯಾಕೆ?"

"ನೀನು ಕೇಳಿದ್ಯಾ? ಅಷ್ಟು ಓದಿ ಬಂದವಳು, ಹೊಸ ಪದ್ಧತಿ ಇರ್ಬೇಕು ಅಂತ ಮಾಡ್ಕಂಡೆ. ನಿನ್ನ ಬಾಯಿಂದ ಒಂದು ಮಾತು ತೆಗೀಬೇಕಾದ್ರೆ ಬಾಯಿ ಮುಚ್ಚಿದ ಚಿಪ್ಪಿಕಲ್ಲು ಒಡೆದ ಹಾಗೆ."

ನನ್ನ ಕಿವಿ ಬಿಸಿಯಾಯಿತು. ಕಾಳುಗಳು ಒದ್ದೆಯಾದರೆ ಅವು ಕೆಲಸ ಮಾಡುವುದಿಲ್ಲ. ಜಾರಿನೊಳಗೆ ಹುಟ್ಟುವ ನೀರೇ ಅವುಗಳನ್ನು ತೋಯಿಸುತ್ತದೆ, ಅದಕ್ಕೇ ಪ್ರತಿ ಸಲ ಒಣಗಿಸುವುದು. ನಾನು ಅವುಗಳನ್ನು ಅಕ್ಕಿಯ ಹಾಗೆ ತೊಳೆದು, ಬಟ್ಟೆಯೂ ಒಣಗದ ಕಾರವಾರದ ಮಳೆಗಾಲದಲ್ಲಿ ಬೋರಲು ಹಾಕಿದ್ದೆ. ಆರು ರೋಗಿಗಳ ಮಾದರಿಯಲ್ಲಿ ಐದನ್ನು ಹಾಗೆ ಕಳೆದಿದ್ದೆ. ಅದು ಈಗಲೂ ನೆನಪಾದರೆ ಚುಚ್ಚುತ್ತದೆ.

"ಒಣಮೀನಿಗೂ ಮಳೆಗಾಲದಲ್ಲಿ ಮತ್ತೆ ಮತ್ತೆ ಬಿಸಿ ತೋರಿಸ್ಬೇಕು" ಎಂದರು ಅಕ್ಕ, ಸಮಾಧಾನ ಹೇಳುವವರಂತೆ. "ಒಲೆ ಮೇಲೆ ಕಟ್ಟಿಟ್ಟದ್ದಕ್ಕೂ ಗಾಳಿಯ ನೀರು ಹತ್ತತದೆ. ಇದು ಅಷ್ಟೇ. ಅಳೂದು ಎಂತಕ್ಕೆ?"

"ಅಳ್ತಾ ಇಲ್ಲ ಅಕ್ಕ."

"ಹೌದು, ಮೂಗು ಸೋರೂದು ಮಳೆಗೆ."

ಶುಕ್ರವಾರ ಬೆಳಿಗ್ಗೆ ಡಬ್ಬಿಯನ್ನು ಓವನ್ನಿನಲ್ಲಿಟ್ಟು, ನೂರ ಅರವತ್ತು ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದೆವು. ಆರಿದ ಕೂಡಲೇ ಮುಚ್ಚಳಕ್ಕೆ ಸಿಕ್ಕಿಸಿದೆ. ಬಾಟಲಿಯ ತಳದಿಂದ ಒಂದು ಹನಿ ತೆಗೆದು ರಕ್ತ ಬೆರೆಸಿದ ಎರಡು ತಟ್ಟೆಗಳಿಗೆ ಎಳೆದೆ. ಒಂದು ಹೊರಗಿನ ಗಾಳಿಗೆ, ಒಂದು ಜಾರಿಗೆ. ಎರಡರ ಮೇಲೂ ಮೆಟ್ರೊನಿಡಜೋಲ್ ಔಷಧಿಯ ಪುಟ್ಟ ಬಿಲ್ಲೆ ಇಟ್ಟೆ. ಗಾಳಿ ಬೇಡದ ಬ್ಯಾಕ್ಟೀರಿಯಾ ಆಗಿದ್ದರೆ ಆ ಬಿಲ್ಲೆಯ ಸುತ್ತ ಬೆಳೆಯದೆ ದೂರ ನಿಲ್ಲುತ್ತದೆ. ಹೈಡ್ರೋಜನ್ ಬರುವುದರಿಂದ ಮೇಜಿನ ಮೇಲಿದ್ದ ಬರ್ನರ್ ಆರಿಸಿ, ಪೊಟ್ಟಣಕ್ಕೆ ನೀರು ಬಿಟ್ಟು ಮುಚ್ಚಳ ಬಿಗಿದೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಅಕ್ಕ ನನ್ನ ಕೈ ಹಿಡಿದು ಮುಚ್ಚಳದ ಮೇಲಿಟ್ಟರು. ಬೆಚ್ಚಗಿತ್ತು. ಜಾರಿನ ಒಳಗೋಡೆಯ ಮೇಲೆ ಉಸಿರು ಬಿಟ್ಟಂತೆ ಮಂಜು ಹಬ್ಬುತ್ತಿತ್ತು. ಸಂಜೆ ಬಸ್ಸಿಗೆ ಹೊರಡುವ ಮುಂಚೆ, ಜಾರನ್ನು ಬೆಚ್ಚಗಿಟ್ಟಿದ್ದ ಇನ್‌ಕ್ಯುಬೇಟರಿನ ಬಾಗಿಲು ತೆಗೆದು ನೋಡಿದೆ. ನೀಲಿ ಪಟ್ಟಿ ಬೆಳ್ಳಗಾಗಿತ್ತು.

ಇನ್ನು ನಲವತ್ತೆಂಟು ಗಂಟೆ ಮುಟ್ಟುವಂತಿಲ್ಲ. ನಡುವೆ ತೆರೆದರೆ ಗಾಳಿ ನುಗ್ಗುತ್ತದೆ. ಶನಿವಾರ ಅಕ್ಕ ಮೂರು ಸಲ ಬಂದು ಜಾರನ್ನು ಇಣುಕಿದರು.

"ಗಾಳಿ ಬೇಡ ಅನ್ನೂ ಜೀವ ಉಂಟು ಅಂದ್ರೆ ನಾ ನಂಬ್ತೆ ತಂಗಿ. ನಮ್ಮ ಅತ್ತೆ ಹಾಗೇ ಇದ್ರು. ಕಿಟಕಿ ತೆಗೆದ್ರೆ ಬೈಗಳ."

"ಅತ್ತೆಯವರನ್ನು ಈ ಜಾರಿನಲ್ಲಿಡಬಹುದಿತ್ತು" ಎಂದುಬಿಟ್ಟೆ.

ಅಕ್ಕ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಸಿಂಕಿನ ಅಂಚು ಹಿಡಿದು ನಕ್ಕರು. "ಅಬ್ಬಾ, ಇವಳಿಗೆ ಮಾತು ಬತ್ತದೆ! ನಾಳೆ ನಾ ಬರೂ ಮೊದಲೇ ಮುಚ್ಚಳ ತೆಗೆದ್ರೆ ನೋಡು ಮತ್ತೆ."

ಭಾನುವಾರ ಇಬ್ಬರಿಗೂ ರಜೆ. ಬಿಣಗಾದ ತಿರುವಿನಲ್ಲಿ ಬಸ್ಸಿನ ಕಿಟಕಿಗೆ ಬಿಸಿಲು ಬಿತ್ತು, ಕಡಲು ಇನ್ನೂ ಕೆಂಪಗೆ ಕದಡಿಯೇ ಇತ್ತು. ನಾನು ತಲುಪುವಷ್ಟರಲ್ಲಿ ಅಕ್ಕ ಒಳ್ಳೆಯ ಸೀರೆಯುಟ್ಟು, ಅಬ್ಬಲಿಗೆ ಮುಡಿದು ಬಾಗಿಲಲ್ಲಿ ನಿಂತಿದ್ದರು, ಯಾರದೋ ಮದುವೆಗೆ ಹೊರಟವರ ಹಾಗೆ.

ಮೊದಲು ಗಾಳಿಯಲ್ಲಿಟ್ಟ ತಟ್ಟೆ ನೋಡಿದೆ. ಖಾಲಿ. ಆಮೇಲೆ ಜಾರಿನ ಬಿಗಿ ಸಡಿಲಿಸಿದೆ. ಮುಚ್ಚಳ ಏಳುತ್ತಲೇ ಕೋಣೆಯ ತುಂಬ ನಾತ.

"ಶೀ! ಮೂರು ದಿನ ಬಿಟ್ಟ ಬಂಗಡೆ!" ಅಕ್ಕ ಸೆರಗಿನಿಂದ ಮೂಗು ಮುಚ್ಚಿದರು.

ನಾನು ತಟ್ಟೆಯನ್ನು ಬೆಳಕಿಗೆ ಹಿಡಿದೆ. ನಾನೆಳೆದ ಗೆರೆಗಳ ಉದ್ದಕ್ಕೂ ಸಣ್ಣ, ಬೂದು, ಹೊಳೆಯುವ ಚುಕ್ಕೆಗಳು, ಕೊನೆಯ ಗೆರೆಯಲ್ಲಿ ಬಿಡಿಬಿಡಿಯಾಗಿ, ಎಣಿಸುವಷ್ಟು ಸ್ಪಷ್ಟವಾಗಿ. ಬಿಲ್ಲೆಯ ಸುತ್ತ ಮಾತ್ರ ಅಗಲವಾದ ಖಾಲಿ ವೃತ್ತ. ನನಗೆ ನಗು ಬಂತು, ನಿಲ್ಲಿಸಲಾಗಲಿಲ್ಲ.

"ಇಂಥ ನಾತಕ್ಕೆ ಇಷ್ಟು ಖುಷಿಯಾಗೂ ಹುಡುಗಿನ ನಾ ಎಲ್ಲೂ ನೋಡ್ಲಿಲ್ಲ" ಎಂದರು ಅಕ್ಕ. ಮೂಗು ಮುಚ್ಚಿಕೊಂಡೇ ಅವರೂ ನಗುತ್ತಿದ್ದರು.

ಮೇಡಂಗೆ ಫೋನ್ ಮಾಡಿದೆ. ನಾನು ಯಾರಿಗೂ ಭಾನುವಾರ ಫೋನ್ ಮಾಡುವವಳಲ್ಲ. ಏನು ತಪ್ಪಾಗಿತ್ತು, ಯಾರು ಹೇಳಿಕೊಟ್ಟರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮೇಡಂ ಕೇಳಿದ್ದು ಒಂದೇ ಮಾತು.

"ಕಾಳು ತೊಳೆದೆಯಾ?"

"ಹೌದು ಮೇಡಂ. ಆರು ಸಲ."

ಅವರು ನಕ್ಕರು. "ಹಾಗಿದ್ದರೆ ಮೂತ್ರದ ಸೋಂಕು ಬೇರೆಯವರು ಮಾಡಲಿ. ನಾಳೆಯಿಂದ ಇದನ್ನು ಗುರುತಿಸುವ ಪರೀಕ್ಷೆಗಳು ಶುರು ಮಾಡು. ಇನ್ನೊಂದು ಜೊತೆ ಕಾಳಿನ ಡಬ್ಬಿಗೂ ಬರೆದುಕೊಡು, ಒಂದು ಓವನ್ನಿನಲ್ಲಿರುವಾಗ ಒಂದು ಕೆಲಸದಲ್ಲಿರಲಿ."

ಆ ತಟ್ಟೆಯಿಂದ ಒಂದು ಚುಕ್ಕೆ ತೆಗೆದು ಹೊಸ ಮಾಂಸದ ಬಾಟಲಿಗೆ ಬಿಟ್ಟು, ಮತ್ತೆ ಜಾರ್ ಕಟ್ಟಬೇಕಿತ್ತು. ನಾನು ಏನೂ ಹೇಳುವ ಮೊದಲೇ ಅಕ್ಕ ಮುಚ್ಚಳದಿಂದ ಡಬ್ಬಿ ಬಿಡಿಸಿ ಓವನ್ನಿನ ಕಡೆ ನಡೆದಿದ್ದರು.

"ಎರಡು ತಾಸು ಅದೆ. ಅಲ್ಲಿತನಕ ಬಾ, ಚಾ ಕುಡಿದು ಬರೂವ. ಇಲ್ಲಿ ಕೂತ್ರೆ ನೀ ಮತ್ತೆ ಏನಾದ್ರೂ ತೊಳೀತೆ."

ನಾನು ಕೈ ತೊಳೆದುಕೊಂಡು ಅವರ ಹಿಂದೆ ಹೊರಟೆ.